ಮೂರನೇ ನಂಬರ್ ಕೋಣೆ ಯಾವ ಕಡೆ? ಸೇಡಂ ಕಡೆಯ ಒಂದು ಕ್ಲಿನಿಕ್‌ನ ದಾರಿ ಫಲಕಗಳು

ಸೇಡಂ ಕಡೆ ಗಂಡ ಹೆಂಡತಿ ಇಬ್ಬರೂ ಡಾಕ್ಟರಾಗಿರುವ ಒಂದು ಸಣ್ಣ ಕ್ಲಿನಿಕ್. ಹಳೇ ಕಲ್ಲಿನ ಮನೆಯ ಕೆಳಭಾಗವನ್ನು ಬಾಡಿಗೆಗೆ ಹಿಡಿದು ಮಾಡಿಕೊಂಡದ್ದು. ಮೇಲೆ ಮನೆ ಮಾಲೀಕರು ಇರುತ್ತಾರೆ. ದಿನವಿಡೀ ರೋಗಿಗಳು ಡಾಕ್ಟರ ಕೋಣೆಗೇ ನುಗ್ಗಿ 'ಲ್ಯಾಬ್ ಎಲ್ಲಿ ಅದರಿ?' ಅಂತ ಕೇಳುತ್ತಾರೆ ಎಂಬುದು ಅವರ ತಕರಾರು. ಒಳಗೆ ಒಬ್ಬ ಹೆಣ್ಣುಮಗಳನ್ನು ಪರೀಕ್ಷೆ ಮಾಡುತ್ತಿರುವಾಗ ಪರದೆ ಸರಿಸಿ ಯಾರೋ ತಲೆ ಹಾಕಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಬೋರ್ಡ್ ಇಲ್ಲ ಅಂತಲ್ಲ. ಗೋಡೆ ತುಂಬಾ ಬೋರ್ಡೇ ಇತ್ತು. ಎ4 ಹಾಳೆ, ಲ್ಯಾಮಿನೇಶನ್, ಸೆಲ್ಲೋಟೇಪ್. ಒಂದು ಎದೆಯ ಮಟ್ಟದಲ್ಲಿ, ಒಂದು ಚಾವಣಿ ಹತ್ತಿರ, ಒಂದು ಬಾಗಿಲಿನ ಮೇಲೇ.

ಫಲಕ ಮಾಡುವುದು ನನ್ನ ಕಸುಬು. ಹೊಸ ಬೋರ್ಡ್ ಬರೆದುಕೊಡಿ ಅಂತ ಅವರು ನನ್ನನ್ನು ಕರೆದರು. ಆದರೆ ಇಲ್ಲಿ ಅಕ್ಷರದ ಅಂದಕ್ಕಿಂತ ಎರಡು ಪ್ರಶ್ನೆ ದೊಡ್ಡದಾಗಿದ್ದವು. ಫಲಕ ಎಲ್ಲಿ ಬೇಕು, ಮತ್ತು ಎಷ್ಟು ಎತ್ತರದಲ್ಲಿ ಬೇಕು.

ಮೊದಲು ಜಾಗದ ನಕ್ಷೆ ಹೇಳಿಬಿಡುತ್ತೇನೆ. ರಸ್ತೆಯಿಂದ ಒಳಗೆ ಬಂದರೆ ಪಡಸಾಲೆ, ಅದರ ಎಡಕ್ಕೆ ಚೀಟಿ ಮಾಡಿಸುವ ಕೌಂಟರ್. ಬಲಕ್ಕೆ ಮೇಲಿನ ಮನೆಗೆ ಹೋಗುವ ಮೆಟ್ಟಿಲು. ನಡುವೆ ನೇರಕ್ಕೆ ನಾಲ್ಕಡಿ ಅಗಲದ ಉದ್ದ ಓಣಿ. ಓಣಿಯ ಎಡಕ್ಕೆ ಡಾಕ್ಟರು, ಬಲಕ್ಕೆ ಲೇಡಿ ಡಾಕ್ಟರು. ಓಣಿ ಮುಗಿಯುವಲ್ಲಿ ಎದುರಿಗೆ ಗೋಡೆ. ಅಲ್ಲಿ ಒಂದು ಮೆಟ್ಟಿಲು ಇಳಿದು ಎಡಕ್ಕೆ ತಿರುಗಿದರೆ ಲ್ಯಾಬ್, ಬಲಕ್ಕೆ ತಿರುಗಿದರೆ ಇಂಜೆಕ್ಷನ್ ಕೋಣೆ. ಎದುರು ಗೋಡೆಯಲ್ಲೇ, ಇಂಜೆಕ್ಷನ್ ಕೋಣೆಗೆ ಹೋಗುವ ದಾರಿಯಲ್ಲಿ, ಹಿತ್ತಲ ಬಾಗಿಲು. ಹಿತ್ತಲಲ್ಲಿ ಸಂಡಾಸು.

ಸಂತೆ ದಿನ ಬೆಳಿಗ್ಗೆ ಕೌಂಟರ್ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಕೈಯಲ್ಲಿ ಆ ನಕ್ಷೆಯ ಹಾಳೆ. ಯಾರಾದರೂ ನಿಂತು ಆ ಕಡೆ ಈ ಕಡೆ ನೋಡಿದರೆ ಅಲ್ಲೊಂದು ಚುಕ್ಕೆ. ಯಾರನ್ನಾದರೂ ಕೇಳಿದರೆ ಅಲ್ಲೊಂದು ಗುಣಿಸು ಗುರುತು. ಮಧ್ಯಾಹ್ನದ ಹೊತ್ತಿಗೆ ಗುರುತುಗಳು ಎರಡೇ ಕಡೆ ಗುಂಪಾಗಿದ್ದವು. ಒಂದು, ಚೀಟಿ ತೊಗೊಂಡು ಕೌಂಟರಿನಿಂದ ತಿರುಗುವ ಜಾಗ. ಇನ್ನೊಂದು, ಓಣಿ ಮುಗಿದು ಎಡವೋ ಬಲವೋ ಅನ್ನುವ ಜಾಗ. ಉಳಿದ ಕಡೆ ಜನ ಸುಮ್ನೆ ನಡೆದು ಹೋಗುತ್ತಿದ್ದರು. ಅಂದರೆ ಗೋಡೆಯ ಮೇಲಿನ ಹಾಳೆಗಳಲ್ಲಿ ಹೆಚ್ಚಿನವು ಯಾರೂ ತಡವರಿಸದ ಜಾಗದಲ್ಲಿದ್ದವು. ತಡವರಿಸುವ ಎರಡು ಜಾಗದಲ್ಲಿ ಒಂದಕ್ಕೆ ಏನೂ ಇರಲಿಲ್ಲ. ಇನ್ನೊಂದರಲ್ಲಿ ದರಪಟ್ಟಿ, ನೋಂದಣಿ ಪ್ರಮಾಣಪತ್ರ, 'ಚಪ್ಪಲಿ ಹೊರಗೆ ಬಿಡಿ', ಡಾಕ್ಟರ ರಜೆಯ ಸೂಚನೆ ಎಲ್ಲಾ ಒಟ್ಟಿಗೆ. ಪ್ರಮಾಣಪತ್ರ, ದರಪಟ್ಟಿ ಹಾಕಲೇಬೇಕು, ಅದು ನಿಯಮ. ಆದರೆ ಅವನ್ನು ಕಾಯುವವರು ಕೂತು ಓದುವ ಗೋಡೆಗೆ ಹಾಕಬೇಕು. ದಾರಿ ಹುಡುಕುವ ಕಣ್ಣು ಬೀಳುವ ಕಡೆ ಬೇರೆ ಕಾಗದ ಇರಬಾರದು. ಮೊದಲ ಕೆಲಸ ಅಂತ ಅವನ್ನೆಲ್ಲ ಬೆಂಚಿನ ಎದುರಿನ ಗೋಡೆಗೆ ಸಾಗಿಸಿದೆವು.

ಇನ್ನು ಭಾಷೆ. ಇಲ್ಲಿಗೆ ಬರುವವರಲ್ಲಿ ಕನ್ನಡದವರು, ಗಡಿಯ ಆ ಕಡೆಯಿಂದ ಬರುವ ತೆಲುಗಿನವರು, ಉರ್ದು ಮಾತಾಡುವವರು, ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಎಲ್ಲರೂ ಇದ್ದಾರೆ. ಡಾಕ್ಟರು ಮೊದಲು ನಾಲ್ಕು ಭಾಷೆಯಲ್ಲಿ ಬರೆಸೋಣ ಅಂದರು. ನಾಲ್ಕು ಸಾಲು ಬರೆದರೆ ಅದೇ ಬೋರ್ಡಿನಲ್ಲಿ ಪ್ರತಿ ಸಾಲೂ ಸಣ್ಣದಾಗುತ್ತದೆ. ಅದಲ್ಲದೆ ಬರುವವರಲ್ಲಿ ಎಷ್ಟೋ ಜನಕ್ಕೆ ಯಾವ ಲಿಪಿಯೂ ಓದಲು ಬರುವುದಿಲ್ಲ. ಆದರೆ 1, 2, 3, 4 ಅನ್ನುವ ಅಂಕಿ ನೋಟಿನಿಂದ, ಮೊಬೈಲಿನಿಂದ ಎಲ್ಲರಿಗೂ ಗೊತ್ತು. ಹಾಗಾಗಿ ತೀರ್ಮಾನ ಹೀಗಾಯಿತು: ದೊಡ್ಡ ಅಂಕಿ, ಪಕ್ಕದಲ್ಲಿ ಚಿತ್ರ, ಕೆಳಗೆ ಒಂದೇ ಸಾಲು ಕನ್ನಡ. 1 ಮತ್ತು 2 ಡಾಕ್ಟರುಗಳ ಕೋಣೆ, 3 ಲ್ಯಾಬ್, 4 ಇಂಜೆಕ್ಷನ್ ಕೋಣೆ.

ಚಿತ್ರಗಳನ್ನು ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಸಾರ್ವಜನಿಕ ಜಾಗಗಳ ಚಿತ್ರಸಂಕೇತಕ್ಕೆ ಐಎಸ್‌ಒ 7001 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅಮೆರಿಕದ ಆಸ್ಪತ್ರೆಗಳಲ್ಲಿ ಸ್ಪ್ಯಾನಿಷ್ ಮಾತಾಡುವ ರೋಗಿಗಳಿಗೆ ಅಂತ ಶುರುವಾದ 'ಆಬ್ಲಾಮೋಸ್ ಹುಂತೋಸ್' ಯೋಜನೆ ಆಸ್ಪತ್ರೆಗೇ ಬೇಕಾದ ಚಿತ್ರಗಳನ್ನು ಮಾಡಿ, ಬೇರೆ ಬೇರೆ ಭಾಷೆಯ ಜನರ ಮುಂದಿಟ್ಟು ಪರೀಕ್ಷಿಸಿ, ಎಲ್ಲರೂ ಬಳಸಲಿ ಅಂತ ಬಿಟ್ಟುಕೊಟ್ಟಿದೆ. ಅವೆರಡರಿಂದಲೇ ಆರಂಭಿಸಿದೆವು. ಆದರೆ ಅಲ್ಲಿ ಅರ್ಥವಾದದ್ದು ಇಲ್ಲೂ ಅರ್ಥವಾಗುತ್ತದೆ ಅಂತ ನಂಬಿ ಪ್ರಿಂಟಿಗೆ ಕೊಡುವಂತಿಲ್ಲ.

ಪರೀಕ್ಷೆ ಸರಳ. ಚಿತ್ರವನ್ನು ಅಂಗೈ ಅಗಲಕ್ಕೆ ಪ್ರಿಂಟ್ ಮಾಡಿ, ಬೆಂಚಿನಲ್ಲಿ ಕಾಯುತ್ತಿದ್ದವರಿಗೆ ಒಂದೊಂದೇ ತೋರಿಸಿದೆವು. ಕೇಳುವ ಪ್ರಶ್ನೆ ಮುಖ್ಯ. 'ಇದು ಲ್ಯಾಬ್ ಅಲ್ಲೇನ್ರಿ?' ಅಂತ ಕೇಳಿದರೆ ಎಲ್ಲರೂ ಹೌದ್ರಿ ಅನ್ನುತ್ತಾರೆ. 'ಈ ಚಿತ್ರ ದವಾಖಾನಿ ಬಾಗಿಲಿಗೆ ಹಚ್ಚಿದ್ರ, ಒಳಗ ಏನ್ ಮಾಡ್ತಾರ ಅಂತೀರಿ?' ಅಂತ ಕೇಳಬೇಕು. ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಐಎಸ್‌ಒ 9186 ಎಂಬ ಮಾನದಂಡದಲ್ಲಿ ಇಂಥ ಪರೀಕ್ಷೆ ಮಾಡುವ ಕ್ರಮ ಇದೆ, ನಾವು ಮಾಡಿದ್ದು ಅದರ ಸಣ್ಣ ರೂಪ. ಸರಿ ಉತ್ತರ ಎಷ್ಟು ಅನ್ನುವುದಕ್ಕಿಂತ ತಪ್ಪು ಉತ್ತರ ಯಾವುದು ಅನ್ನುವುದರಲ್ಲೇ ಜಾಸ್ತಿ ಸರಕು ಇರುತ್ತದೆ.

ಸ್ಟೆತಸ್ಕೋಪ್ ನೋಡಿ ಎಲ್ಲರೂ ಡಾಕ್ಟರ್ ಅಂದರು. ಲ್ಯಾಬಿಗೆ ಎಲ್ಲ ಕಡೆ ಹಾಕುವ ಮೈಕ್ರೋಸ್ಕೋಪ್ ಮಾತ್ರ ಪೂರ್ತಿ ಬಿದ್ದುಹೋಯಿತು. ಒಬ್ಬ ಅಜ್ಜಿ ಅದನ್ನು ಹೊಲಿಗೆ ಮಷೀನ್ ಅಂದರು, 'ಹೊಲಿಗಿ ಹಾಕೋ ಕೋಣಿ ಇರಬೇಕು' ಅಂತ. ಗಾಯಕ್ಕೆ ಹೊಲಿಗೆ ಹಾಕುವುದು ಇಂಜೆಕ್ಷನ್ ಕೋಣೆಯಲ್ಲಿ. ಅಂದರೆ ಆ ಚಿತ್ರ ಸರಿಯಾಗಿ ತಪ್ಪು ಬಾಗಿಲಿಗೆ ಕಳಿಸುತ್ತಿತ್ತು! ಮೈಕ್ರೋಸ್ಕೋಪನ್ನು ಶಾಲೆಯಲ್ಲಿ ನೋಡಿದವರಿಗಷ್ಟೇ ಗೊತ್ತು. ರೋಗಿಗೆ ಲ್ಯಾಬಿನಲ್ಲಿ ಕಾಣುವುದು ರಕ್ತ ಮತ್ತು ಸಣ್ಣ ಕೊಳವೆ. ಸಿರಿಂಜ್ ಹಾಕಿದರೆ ಇಂಜೆಕ್ಷನ್ ಕೋಣೆಯ ಜೊತೆ ಗೊಂದಲ. ಕೊನೆಗೆ ಲ್ಯಾಬಿಗೆ ಕೊಳವೆಯೊಳಗೆ ಬೀಳುತ್ತಿರುವ ಒಂದು ಹನಿ, ಇಂಜೆಕ್ಷನ್ನಿಗೆ ತೋಳಿಗೆ ತಾಗಿದ ಸಿರಿಂಜ್ ಅಂತ ಮಾಡಿದ ಮೇಲೆ ಎರಡೂ ಬೇರೆಯಾದವು.

ಸಂಡಾಸಿನದು ಇನ್ನೊಂದು ಕಥೆ. ಗಂಡು ಹೆಣ್ಣಿನ ಎರಡು ಆಕೃತಿ ಇರುವ ಚಿತ್ರ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಲೇಡಿ ಡಾಕ್ಟರ್ ಇರುವ ಕ್ಲಿನಿಕ್‌ನಲ್ಲಿ ಅದೇ ಚಿತ್ರ ಕೆಲವರಿಗೆ ಗಂಡ ಹೆಂಡತಿಯಾಯಿತು. 'ಮಕ್ಕಳು ಬ್ಯಾಡ ಅನ್ನೋರು ಹೋಗೋ ಕೋಣಿ' ಅಂದರು ಒಬ್ಬರು. ಆಕೃತಿಗಳ ಪಕ್ಕ ಒಂದು ಚರಗಿ ಮತ್ತು ನಲ್ಲಿ ಬರೆದ ತಕ್ಷಣ ನಗುತ್ತಾ ಸರಿಯಾಗಿ ಹೇಳಿದರು. ನಾವು ನೋಡಿದ ಚಿತ್ರಗಳಲ್ಲಿ ಎಲ್ಲೂ ಚರಗಿ ಇರಲಿಲ್ಲ. ಇಲ್ಲಿ ಬೇಕು.

ಲೇಡಿ ಡಾಕ್ಟರ ಕೋಣೆಗೆ ಬಸುರಿ ಹೆಂಗಸಿನ ಚಿತ್ರ ಹಾಕೋಣ ಅಂತ ನಾನು ತಂದಿದ್ದೆ. ಅರ್ಥದ ಪರೀಕ್ಷೆಯಲ್ಲಿ ಅದು ಚೆನ್ನಾಗಿಯೇ ಪಾಸಾಯಿತು. ಆದರೆ ಮೇಡಂ ಬೇಡ ಅಂದರು. ಮುಟ್ಟಿನ ತೊಂದರೆಗೆ ತಾಯಿ ಜೊತೆ ಬರುವ ಮದುವೆಯಾಗದ ಹುಡುಗಿ ಆ ಚಿತ್ರದ ಕೆಳಗೆ ಹತ್ತು ಜನರ ಎದುರು ಕೂರುವುದಿಲ್ಲ ಎಂಬುದು ಅವರ ಮಾತು. ಸರಿಯಾದ ಮಾತು. ಚಿತ್ರ ಅರ್ಥವಾಗಬೇಕು, ಆದರೆ ಕೂತವರ ಗುಟ್ಟು ಹೇಳಬಾರದು. ಅಲ್ಲಿಗೆ ಸ್ಟೆತಸ್ಕೋಪ್ ಹಾಕಿಕೊಂಡ, ತುರುಬು ಕಟ್ಟಿದ ಹೆಣ್ಣಿನ ತಲೆಯ ಚಿತ್ರ ಬಂತು.

ಹಾಗೇ ಹೊರಗಿನ ಬೋರ್ಡಿನ ವಿಷಯ. ಬಿಳಿ ಹಿನ್ನೆಲೆಯ ಮೇಲೆ ಕೆಂಪು ಕೂಡು ಚಿಹ್ನೆ ದೊಡ್ಡದಾಗಿ ಇತ್ತು. ಅದು ರೆಡ್ ಕ್ರಾಸ್‌ನ ಲಾಂಛನ. ನಮ್ಮ ದೇಶದಲ್ಲಿ 1960ರ ಜಿನೀವಾ ಕನ್ವೆನ್ಷನ್ಸ್ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ. ಊರೆಲ್ಲಾ ಬಳಸುತ್ತಾರೆ ನಿಜ. ಹೇಗೂ ಬೋರ್ಡ್ ಬದಲಾಗುತ್ತಿತ್ತು, ತೆಗೆದು ಸ್ಟೆತಸ್ಕೋಪ್ ಹಾಕಿದೆವು.

ಈಗ ಎತ್ತರ. ಈ ಕೆಲಸದ ಜೀವ ಇರುವುದು ಇಲ್ಲೇ. ಫಲಕ ಹುಡುಕುವವನ ಕಣ್ಣು ಒಂದು ಎತ್ತರದಲ್ಲಿ ಒಮ್ಮೆ ಫಲಕ ಕಂಡರೆ ಮುಂದಿನದನ್ನೂ ಅದೇ ಎತ್ತರದಲ್ಲಿ ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಇನ್ನೊಂದು ಕಡೆ ನೋಡುವ ಬದಲು ಪಕ್ಕದವರನ್ನು ಕೇಳುತ್ತಾನೆ. ಹಾಗಾದರೆ ಎಲ್ಲವನ್ನೂ ಕಣ್ಣಿನ ಮಟ್ಟಕ್ಕೆ ಹಾಕಿದರೆ ಆಯಿತಲ್ಲ? ಆಗುವುದಿಲ್ಲ. ಈ ಓಣಿಯಲ್ಲಿ ಗೋಡೆಗೆ ಒರಗಿ ಜನ ನಿಂತಿರುತ್ತಾರೆ. ಕಣ್ಣಿನ ಮಟ್ಟದ ಫಲಕ ಅಂದರೆ ಯಾರದೋ ಬೆನ್ನಿನ ಹಿಂದಿನ ಫಲಕ. ಎಲ್ಲವನ್ನೂ ಮೇಲೆ ಹಾಕಿದರೂ ಆಗುವುದಿಲ್ಲ. ಬಾಗಿದ ಬೆನ್ನಿನ ಮುದುಕರು, ತಲೆ ಮೇಲೆ ಸೆರಗು ಎಳೆದುಕೊಂಡು ನಡೆಯುವ ಹೆಣ್ಣುಮಕ್ಕಳು ಮೇಲೆ ನೋಡುವುದಿಲ್ಲ. ಮೇಲಿರುವ ಫಲಕದ ಹತ್ತಿರ ಬಂದಷ್ಟೂ ಕತ್ತು ಎತ್ತಬೇಕು. ಹತ್ತಡಿ ದೂರದಿಂದ ಸುಲಭವಾಗಿ ಕಾಣುವುದು ಮೂರಡಿಗೆ ಬಂದಾಗ ನೋಟದಿಂದ ತಪ್ಪಿಹೋಗುತ್ತದೆ.

ಹಾಗಾಗಿ ಎರಡು ಎತ್ತರ ಇಟ್ಟುಕೊಂಡೆವು, ಎರಡೇ. ದೂರದಿಂದ ನೋಡುವ ಫಲಕಗಳ ಕೆಳ ಅಂಚು ಏಳಡಿಗೆ. ನಿಂತವರ ತಲೆ ಮೇಲೆ ಕಾಣುತ್ತದೆ, ಯಾರ ಹಣೆಗೂ ತಾಗುವುದಿಲ್ಲ. ಅಂಗವಿಕಲರ ಅನುಕೂಲಕ್ಕೆ ಅಂತ ಇರುವ ಅಮೆರಿಕದ ಎಡಿಎ ಮಾನದಂಡ ನೆಲದಿಂದ ಕನಿಷ್ಠ 80 ಇಂಚು ಖಾಲಿ ಬೇಕು ಅನ್ನುತ್ತದೆ, ನಮ್ಮದು ಅದಕ್ಕಿಂತ ನಾಲ್ಕು ಇಂಚು ಮೇಲೆ. ಬಾಗಿಲ ಪಕ್ಕದ ಫಲಕಗಳ ನಡುಭಾಗ ನಾಲ್ಕೂವರೆ ಅಡಿಗೆ. ಅದೇ ಮಾನದಂಡ ಬೆರಳಿನಿಂದ ಮುಟ್ಟಿ ಓದುವ ಉಬ್ಬು ಅಕ್ಷರಗಳಿಗೆ ನಾಲ್ಕರಿಂದ ಐದಡಿಯ ಪಟ್ಟಿ ಕೊಡುತ್ತದೆ. ಅದರ ನಡುವಿಗೆ ಹಾಕಿದರೆ ಗಾಲಿ ಕುರ್ಚಿಯವರಿಗೂ, ಎತ್ತರದವರಿಗೂ, ಬಾಗಿ ನಡೆಯುವವರಿಗೂ ಸಿಗುತ್ತದೆ.

ಬಾಗಿಲ ಪಕ್ಕ ಅಂದೆ, ಬಾಗಿಲ ಮೇಲಲ್ಲ. ಕ್ಲಿನಿಕ್‌ನ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ, ಮುಂದೆ ಪರದೆ. ಬಾಗಿಲಿಗೆ ಅಂಟಿಸಿದ ಬೋರ್ಡ್ ಒಳಗಿನ ಗೋಡೆಗೆ ಮುಖ ಮಾಡಿಕೊಂಡು ನಿಂತಿರುತ್ತದೆ. ಹಿಡಿಕೆ ಇರುವ ಬದಿಯ ಗೋಡೆಗೆ ಹಾಕಿದರೆ ಬಾಗಿಲು ಹೇಗಿದ್ದರೂ ಫಲಕ ಕಾಣುತ್ತದೆ.

ಎತ್ತರ ಒಂದೇ ಇರಬೇಕು ಅನ್ನುವುದು ಸುಲಭ, ಎಲ್ಲಿಂದ ಅಳೆಯುವುದು? ಓಣಿಯ ಶಹಾಬಾದ್ ಕಲ್ಲಿನ ನೆಲ ತೊಳೆದ ನೀರು ಹರಿಯಲಿ ಅಂತ ಒಂದು ಕಡೆಗೆ ಇಳಿದಿದೆ, ಒಂದು ತುದಿಯಿಂದ ಇನ್ನೊಂದಕ್ಕೆ ಎರಡು ಇಂಚು. ಪ್ರತಿ ಫಲಕಕ್ಕೂ ಅದರ ಕೆಳಗಿನ ನೆಲದಿಂದ ಟೇಪ್ ಹಿಡಿದರೆ ಅಳತೆ ಸರಿ ಇರುತ್ತದೆ, ಆದರೆ ಒಟ್ಟಿಗೆ ಕಾಣುವಾಗ ಸಾಲು ಜಾರಿದಂತೆ ಕಾಣುತ್ತದೆ. ಗೌಂಡಿಯಿಂದ ನೀರು ತುಂಬಿದ ಲೆವೆಲ್ ಪೈಪ್ ತರಿಸಿ ಓಣಿಯ ಎರಡೂ ಗೋಡೆಗೆ ಒಂದೇ ಮಟ್ಟದ ಗೆರೆ ಎಳೆದೆವು. ಒಂದು ನೋಟಕ್ಕೆ ಒಟ್ಟಿಗೆ ಸಿಗುವ ಫಲಕಗಳಿಗೆಲ್ಲ ಆ ಗೆರೆಯೇ ಲೆಕ್ಕ. ಮೆಟ್ಟಿಲು ಇಳಿದ ಮೇಲೆ ಲ್ಯಾಬ್, ಇಂಜೆಕ್ಷನ್ ಕೋಣೆಗಳ ಬಾಗಿಲ ಫಲಕ ಓಣಿಯಿಂದ ಕಾಣುವುದಿಲ್ಲ, ಅವುಗಳಿಗೆ ಅಲ್ಲಿನ ನೆಲದಿಂದ ಹೊಸದಾಗಿ ಅಳೆದೆವು.

ಗಾತ್ರದ ಲೆಕ್ಕವನ್ನು ಡಾಕ್ಟರೇ ಒಪ್ಪುವ ಹಾಗೆ ಅವರ ಕಣ್ಣಿನ ಚಾರ್ಟ್‌ನಿಂದಲೇ ತೆಗೆದೆವು. 6/6 ದೃಷ್ಟಿಯವರು 6 ಮೀಟರ್ ದೂರದಿಂದ ಓದಬಲ್ಲ ಅಕ್ಷರ ಸುಮಾರು 9 ಮಿಲಿಮೀಟರ್ ಎತ್ತರ. ಕಣ್ಣಿನ ಪೊರೆ ಬರುತ್ತಿರುವ, 6/18 ದೃಷ್ಟಿಯವರಿಗೆ, ಅಂದರೆ ಸರಿ ಕಣ್ಣಿಗೆ 18 ಮೀಟರಿನಿಂದ ಕಾಣುವುದು 6 ಮೀಟರಿಗೆ ಬಂದಾಗಷ್ಟೇ ಕಾಣುವವರಿಗೆ, ಅದರ ಮೂರು ಪಟ್ಟು ಬೇಕು. ಕೌಂಟರಿನಿಂದ ಎದುರು ಗೋಡೆಗೆ ಸುಮಾರು 10 ಮೀಟರ್. ಅಲ್ಲಿಗೆ ನಾಲ್ಕೂವರೆ ಸೆಂಟಿಮೀಟರ್ ಆಗುತ್ತದೆ, ಐದು ಇಟ್ಟೆವು. ಕನ್ನಡದಲ್ಲಿ ಅಳೆಯುವಾಗ ಒತ್ತು, ಗುಡಿಸು ಬಿಟ್ಟು ಮೂಲ ಅಕ್ಷರದ ಮೈಯನ್ನು ಅಳೆಯಬೇಕು. ಸ್ಟಿಕರ್ ಅಂಗಡಿಯವರು ಇಡೀ ಪದದ ಎತ್ತರ ಹಿಡಿದು ಐದು ಸೆಂಟಿಮೀಟರ್ ಅಂದುಬಿಟ್ಟರೆ ಅಕ್ಷರ ಮೂರಕ್ಕೆ ಇಳಿದಿರುತ್ತದೆ. ಚಿತ್ರಕ್ಕೆ ದೂರದ ನೂರರಲ್ಲಿ ಒಂದು ಪಾಲು ಅನ್ನುವ ಲೆಕ್ಕ ಬಳಕೆಯಲ್ಲಿದೆ, ಅಂದರೆ ಇಲ್ಲಿ 10 ಸೆಂಟಿಮೀಟರ್. ಓಣಿ ಮಬ್ಬಾಗಿದ್ದರಿಂದ 15 ಮಾಡಿ, ಟ್ಯೂಬ್‌ಲೈಟನ್ನು ಎದುರು ಗೋಡೆಯ ಹತ್ತಿರಕ್ಕೆ ಸರಿಸಿದೆವು. ಗಾಢ ನೀಲಿಯ ಮೇಲೆ ಬಿಳಿ, ಮೇಲೆ ಮ್ಯಾಟ್ ಲ್ಯಾಮಿನೇಶನ್. ಹೊಳೆಯುವ ಲ್ಯಾಮಿನೇಶನ್ ಹಾಕಿದರೆ ಫಲಕದಲ್ಲಿ ಟ್ಯೂಬ್‌ಲೈಟ್ ಒಂದೇ ಕಾಣುತ್ತದೆ.

ಎಲ್ಲಾ ಫಲಕ ಎಸಿಪಿ ಎಂಬ ಅಲ್ಯೂಮಿನಿಯಂ ಹೊದಿಕೆಯ ಶೀಟಿನಲ್ಲಿ, ನಾಲ್ಕು ಮೂಲೆಗೆ ಸ್ಕ್ರೂ. ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಲಗೆ ಮತ್ತು ಡಬಲ್ ಟೇಪ್ ಅಗ್ಗ, ಆದರೆ ಸುಣ್ಣದ ಗೋಡೆಯ ಪದರವೇ ಟೇಪಿಗೆ ಅಂಟಿಕೊಂಡು ಕಿತ್ತು ಬರುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಇನ್ನೂ ಬೇಗ.

ಬಾಣದ ವಿಷಯದಲ್ಲಿ ಜಾಗವೇ ಪಾಠ ಕಲಿಸಿತು. ಓಣಿಯ ಬಾಯಿಗೆ ಒಂದು ದೊಡ್ಡ ಫಲಕ ಹಾಕಿ, 3, 4 ಮತ್ತು ಸಂಡಾಸಿಗೆ ಮೇಲ್ಮುಖ ಬಾಣ ಕೊಡುವುದು ಯೋಜನೆ. ಮೇಲ್ಮುಖ ಬಾಣ ಅಂದರೆ ನೇರ ಹೋಗಿ ಅನ್ನುವುದು ರೂಢಿ. ರಸ್ತೆ ಫಲಕ ನೋಡುವವರಿಗೆ ಅದು ಗೊತ್ತು. ಕಾರ್ಡ್‌ಬೋರ್ಡಿನಲ್ಲಿ ಬರೆದು ಹಗ್ಗ ಕಟ್ಟಿ ತೂಗುಹಾಕಿ ನೋಡಿದೆವು. ಪಕ್ಕದಲ್ಲೇ ಮೆಟ್ಟಿಲು ಇತ್ತಲ್ಲ? ಜನ ಬಾಣ ನೋಡಿದರು, ಮೆಟ್ಟಿಲು ನೋಡಿದರು, ಮೇಲೆ ಹತ್ತಿದರು. ಮಾಲೀಕರ ಮನೆಯವರು ಇಳಿದು ಬಂದು, 'ನಮ್ಮ ಅಡಗಿ ಮನಿಗೆ ಬಂದು ರಕ್ತ ಕೊಡ್ತೀವಿ ಅಂತಾರಲ್ರಿ!' ಅಂತ ಜೋರು ಮಾಡಿದರು. ತಪ್ಪು ರೋಗಿಗಳದಲ್ಲ. ಒಂದೇ ಬಾಣಕ್ಕೆ ನೇರ, ಮೇಲೆ ಎಂಬ ಎರಡು ಅರ್ಥ ಇದ್ದಾಗ ಕಣ್ಣೆದುರಿನ ಮೆಟ್ಟಿಲೇ ಗೆಲ್ಲುತ್ತದೆ.

ಬಾಣವನ್ನು ಓರೆ ಮಾಡುವುದು, 'ಮೇಲೆ ಹೋಗಬೇಡಿ' ಅಂತ ಇನ್ನೊಂದು ಬೋರ್ಡ್ ಹಾಕುವುದು, ಎರಡನ್ನೂ ಯೋಚಿಸಿದೆವು. ಕೊನೆಗೆ ಆ ಫಲಕವನ್ನೇ ಬಿಟ್ಟುಬಿಟ್ಟೆವು. ಓಣಿ ನೇರವಾಗಿದೆ, ಎದುರು ಗೋಡೆ ಕೌಂಟರಿನಿಂದಲೇ ಕಾಣುತ್ತದೆ. ಹೋಗಬೇಕಾದ ಜಾಗದ ಅಂಕಿ, ಚಿತ್ರ ಅಲ್ಲಿಂದಲೇ ಕಾಣುವಷ್ಟು ದೊಡ್ಡದಿದ್ದರೆ ನೇರ ಹೋಗಿ ಅಂತ ಹೇಳುವ ಬಾಣ ಬೇಕಿಲ್ಲ. ಜನ ಕಂಡ ಕಡೆ ನಡೆಯುತ್ತಾರೆ. ಹಾಗಾಗಿ ಇಡೀ ಕ್ಲಿನಿಕ್‌ನಲ್ಲಿ ಎಡ ಮತ್ತು ಬಲದ ಬಾಣ ಮಾತ್ರ ಉಳಿದವು. ಎದುರು ಗೋಡೆಯ ಫಲಕದಲ್ಲಿ ಎಡಕ್ಕೆ ಹೋಗುವ 3ನ್ನು ಎಡ ತುದಿಯಲ್ಲಿ ಬಾಣದಿಂದ ಶುರು ಮಾಡಿ, ಬಲಕ್ಕೆ ಹೋಗುವ 4 ಮತ್ತು ಸಂಡಾಸನ್ನು ಬಲ ತುದಿಯಲ್ಲಿ ಬಾಣದಿಂದ ಮುಗಿಸಿದೆವು. ನಡುವೆ ದಪ್ಪ ಬಿಳಿ ಗೆರೆ. 1 ಮತ್ತು 2ಕ್ಕೆ ಬಾಣವೇ ಇಲ್ಲ, ಬಾಗಿಲ ಮೇಲೆ ಗೋಡೆಯಿಂದ ಓಣಿಗೆ ಚಾಚಿದ ಎರಡು ಮುಖದ ಸಣ್ಣ ಫಲಕ. ಹೋಗುವಾಗಲೂ ಬರುವಾಗಲೂ ಕಾಣುತ್ತದೆ.

ಇದೇ ಎರಡು ಮುಖದ ಫಲಕದಲ್ಲಿ ಒಂದು ಎಡವಟ್ಟು ಆಯಿತು. ಹಿತ್ತಲ ಬಾಗಿಲ ಮೇಲೆ ಸಂಡಾಸಿನ ಚಾಚು ಫಲಕಕ್ಕೆ ಬಾಣ ಬೇಕಿತ್ತು. ಲ್ಯಾಬ್ ಕಡೆಯಿಂದ ಬರುವವರಿಗೆ ಬಾಗಿಲು ಎಡಕ್ಕೆ, ಇಂಜೆಕ್ಷನ್ ಕೋಣೆ ಕಡೆಯಿಂದ ಬರುವವರಿಗೆ ಬಲಕ್ಕೆ. ಅಂಗಡಿಯಲ್ಲಿ ಎರಡೂ ಮುಖಕ್ಕೆ ಒಂದೇ ಫೈಲ್ ಪ್ರಿಂಟ್ ಮಾಡಿ ಅಂಟಿಸಿದ್ದರು, ಎರಡೂ ಕಡೆ ಎಡ ಬಾಣ. ಇಂಜೆಕ್ಷನ್ ಮಾಡಿಸಿಕೊಂಡವರು ಬಾಣ ಹಿಡಿದು ಎಡಕ್ಕೆ ತಿರುಗಿ ಮತ್ತೆ ಓಣಿಗೇ ಬರುತ್ತಿದ್ದರು. ಸಿಸ್ಟರ್ ಗಮನಿಸಿ ಹೇಳಿದರು. ಅಂದಿನಿಂದ ನಾನು ಎರಡು ಮುಖಕ್ಕೆ ಎರಡು ಬೇರೆ ಫೈಲ್ ಕೊಟ್ಟು, ಹೆಸರಿನಲ್ಲೇ 'ಲ್ಯಾಬ್ ಕಡೆ', 'ಇಂಜೆಕ್ಷನ್ ಕಡೆ' ಅಂತ ಬರೆಯುತ್ತೇನೆ.

ಫಲಕ ಹಾಕಿದ ಮೇಲೂ ಮಾತು ಹಳೆಯದೇ ಆಗಿದ್ದರೆ ಅರ್ಧ ಕೆಲಸ ವ್ಯರ್ಥ. ಕಂಪೌಂಡರ್ 'ಲ್ಯಾಬಿಗಿ ಹೋಗ್ರಿ' ಅನ್ನುತ್ತಿದ್ದವರು 'ಮೂರನೇ ನಂಬರಿಗಿ ಹೋಗ್ರಿ' ಅನ್ನಬೇಕಾಯಿತು. ಜೊತೆಗೆ ನಾಲ್ಕು ರಬ್ಬರ್ ಸ್ಟ್ಯಾಂಪ್ ಮಾಡಿಸಿದೆವು, ಫಲಕದಲ್ಲಿರುವ ಅದೇ ಅಂಕಿ, ಅದೇ ಚಿತ್ರ. ಡಾಕ್ಟರು ಚೀಟಿಯ ಮೇಲೆ ಒತ್ತಿ ಕೊಡುತ್ತಾರೆ. ಓದು ಬಾರದವರು ಚೀಟಿಯನ್ನು ಫಲಕದ ಪಕ್ಕ ಹಿಡಿದು ಹೋಲಿಸಿ ನೋಡಿ ಒಳಗೆ ಹೋಗುತ್ತಾರೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಾದದ್ದು ಈ ಸ್ಟ್ಯಾಂಪ್, ಜಾಸ್ತಿ ಉಪಯೋಗಕ್ಕೆ ಬಂದದ್ದೂ ಅದೇ ಅಂತ ನನಗನ್ನಿಸುತ್ತದೆ.

ಒಂದು ಗೊಂದಲ ಮಾತ್ರ ಹೊಸದಾಗಿ ಹುಟ್ಟಿತು. ಸರದಿಯ ಟೋಕನ್ ಕೂಡ 1, 2, 3 ಅಂತಲೇ ಇತ್ತು. ಟೋಕನ್ 3 ಸಿಕ್ಕವರು ನೇರ ಮೂರನೇ ಕೋಣೆಗೆ ಹೋಗಿ ರಕ್ತ ಕೊಡಲು ತೋಳು ಚಾಚಿ ಕೂತರು. ಟೋಕನ್ನನ್ನು 101ರಿಂದ ಶುರು ಮಾಡಿದ ಮೇಲೆ ಅದು ನಿಂತಿತು.

ಆಮೇಲೆ ಇನ್ನೊಂದು ಸಲ ಅದೇ ಸ್ಟೂಲ್ ಹಾಕಿಕೊಂಡು, ಹೊಸ ಹಾಳೆಯಲ್ಲಿ ಗುರುತು ಹಾಕಿದೆ. ಓಣಿ ತುದಿಯ ಗುಂಪು ಬಹುಮಟ್ಟಿಗೆ ಮಾಯವಾಗಿತ್ತು. ಕೌಂಟರ್ ಹತ್ತಿರ ಇನ್ನೂ ಕೇಳುತ್ತಾರೆ, ಆದರೆ ಕೇಳುವುದು 'ಎಷ್ಟು ಹೊತ್ತು ಆಗ್ತದರಿ?' ಅಂತ. ಅದಕ್ಕೆ ನನ್ನ ಹತ್ತಿರ ಫಲಕ ಇಲ್ಲ. ಪರದೆ ಸರಿಸುವವರು ಕಡಿಮೆಯಾಗಿದ್ದಾರೆ, ಪೂರ್ತಿ ನಿಂತಿಲ್ಲ. ಹಾಗೆ ಇಣುಕುವವರಲ್ಲಿ ಹೆಚ್ಚಿನವರು ದಾರಿ ತಪ್ಪಿದವರಲ್ಲ, ನನ್ನ ಸರದಿ ಬಂತಾ ಅಂತ ನೋಡುವವರು.

ಈಗ ನಾಲ್ಕನೇ ಕೋಣೆಗೆ ಇಸಿಜಿ ಯಂತ್ರ ಬಂದಿದೆ. ಹೃದಯದ ಚಿತ್ರದೊಳಗೆ ಏರಿಳಿಯುವ ಗೆರೆ ಹಾಕಿ ಬೆಂಚಿನಲ್ಲಿ ತೋರಿಸಿದರೆ ಹುಡುಗರು ನಕ್ಕರು, ದೊಡ್ಡವರು ಬೇರೆ ಬೇರೆ ಹೇಳಿದರು. ಎದೆ ಮೇಲೆ ತಂತಿ ಅಂಟಿಸಿಕೊಂಡು ಮಲಗಿದ ಮನುಷ್ಯನ ಚಿತ್ರ ತಯಾರು ಮಾಡುತ್ತಿದ್ದೇನೆ. ಅದು ಪರೀಕ್ಷೆಯಲ್ಲಿ ಪಾಸಾಗುವವರೆಗೆ ಗೋಡೆಗೆ ಏನೂ ಹಚ್ಚುವುದು ಬೇಡ, ಚೀಟಿಗೆ 4ರ ಸ್ಟ್ಯಾಂಪ್ ಒತ್ತಿ ಕಳಿಸಿ ಅಂತ ಕಂಪೌಂಡರಿಗೆ ಹೇಳಿ ಬಂದಿದ್ದೇನೆ. ಅವರು ಆಗಲೇ ಒಂದು ಎ4 ಹಾಳೆ ಪ್ರಿಂಟ್ ಮಾಡಿಟ್ಟುಕೊಂಡಿದ್ದರು.